ಜ್ಯೇಷ್ಠತೆ ಆಧಾರಿತ ಪಾಳಿ ಆಯ್ಕೆ

ಜ್ಯೇಷ್ಠತೆ ಆಧಾರಿತ ಪಾಳಿ ಆಯ್ಕೆ ಎಂಬುದು ದಿನದ ಇಪ್ಪತ್ನಾಲ್ಕು ಗಂಟೆಯೂ ನಡೆಯುವ ಕೆಲಸದ ಸ್ಥಳಗಳಲ್ಲಿ ಸಿಬ್ಬಂದಿಯು ತಮ್ಮ ಪಾಳಿಯನ್ನೂ ವಾರದ ರಜೆಯನ್ನೂ ಸೇವಾ ಹಿರಿತನದ ಕ್ರಮದಲ್ಲಿ ಒಬ್ಬೊಬ್ಬರಾಗಿ ಆರಿಸಿಕೊಳ್ಳುವ ಪದ್ಧತಿಯಾಗಿದೆ. ಪಟ್ಟಿಯಲ್ಲಿ ಮೊದಲಿರುವವರು ಲಭ್ಯವಿರುವ ಎಲ್ಲ ಪಾಳಿಗಳಿಂದ ಒಂದನ್ನು ಆರಿಸುತ್ತಾರೆ. ನಂತರದವರು ಉಳಿದವುಗಳಿಂದ ಆರಿಸುತ್ತಾರೆ. ಕೊನೆಯವರಿಗೆ ಕೊನೆಗೆ ಉಳಿದ ಪಾಳಿ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಶಿಫ್ಟ್ ಬಿಡ್ಡಿಂಗ್ ಎಂದು ಕರೆಯುವುದು ರೂಢಿಯಾದರೂ ಇದರಲ್ಲಿ ಹರಾಜಿನಂತೆ ಹಣದ ಪೈಪೋಟಿ ಇರುವುದಿಲ್ಲ. ಕರ್ನಾಟಕದಲ್ಲಿ ಸಿಇಟಿ ಶ್ರೇಯಾಂಕದ ಕ್ರಮದಲ್ಲಿ ಕಾಲೇಜು ಸೀಟುಗಳನ್ನು ಹಂಚುವ ಕ್ರಮಕ್ಕೆ ಇದು ಹತ್ತಿರವಾಗಿದೆ. ಅಲ್ಲಿ ಪರೀಕ್ಷೆಯ ಶ್ರೇಯಾಂಕವಿರುವ ಕಡೆ ಇಲ್ಲಿ ಸೇವಾ ಜ್ಯೇಷ್ಠತೆ ಇರುತ್ತದೆ.

## ಬಳಕೆ

ಈ ಪದ್ಧತಿಯು ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿದೆ. ಅಲ್ಲಿ ಕಾರ್ಮಿಕ ಸಂಘ ಮತ್ತು ಆಡಳಿತದ ನಡುವಣ ಸಾಮೂಹಿಕ ಒಪ್ಪಂದಗಳಲ್ಲಿ ಇದರ ನಿಯಮಗಳನ್ನು ಬರೆದಿಡಲಾಗುತ್ತದೆ. ನಗರ ಸಾರಿಗೆ ಸಂಸ್ಥೆಗಳ ಬಸ್ ಚಾಲಕರು ವೇಳಾಪಟ್ಟಿ ಬದಲಾದಾಗಲೆಲ್ಲ ಹೊಸದಾಗಿ ಆಯ್ಕೆ ಮಾಡುತ್ತಾರೆ. ಈ ಸುತ್ತನ್ನು ಅವರು ‘ಪಿಕ್’ ಎನ್ನುತ್ತಾರೆ. ವಿಮಾನ ಚಾಲಕರು ಸಾಮಾನ್ಯವಾಗಿ ತಿಂಗಳಿಗೊಮ್ಮೆ ತಮ್ಮ ಹಾರಾಟದ ಪಟ್ಟಿಗೆ ಆಯ್ಕೆ ಸಲ್ಲಿಸುತ್ತಾರೆ. ಅಂಚೆ ವಿಂಗಡಣಾ ಕೇಂದ್ರಗಳು, ತುರ್ತು ದೂರವಾಣಿ ಕೇಂದ್ರಗಳು ಹಾಗೂ ಆಸ್ಪತ್ರೆಗಳಲ್ಲಿಯೂ ಈ ಕ್ರಮವನ್ನು ಕಾಣಬಹುದು.

ಪಾಳಿಯನ್ನು ಮೇಲ್ವಿಚಾರಕರೇ ಹಂಚುವ ಕಡೆ ಯಾರಿಗೆ ಯಾವ ಪಾಳಿ ಏಕೆ ಬಂತು ಎಂಬುದಕ್ಕೆ ಬರೆದ ಕಾರಣ ಇರುವುದಿಲ್ಲ. ಜ್ಯೇಷ್ಠತೆಯ ಕ್ರಮದಲ್ಲಿ ಆ ಕಾರಣವನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಆದರೆ ಈ ಪಾರದರ್ಶಕತೆ ತಾನಾಗಿ ಬರುವುದಿಲ್ಲ. ಮೊದಲನೆಯ ವ್ಯಕ್ತಿ ಆಯ್ಕೆ ಮಾಡುವ ಮುನ್ನವೇ ಜ್ಯೇಷ್ಠತಾ ಪಟ್ಟಿ, ಪಾಳಿಗಳ ಪಟ್ಟಿ ಮತ್ತು ಗೈರುಹಾಜರಾದವರ ಕುರಿತ ನಿಯಮ ಈ ಮೂರೂ ಅಂತಿಮವಾಗಿ ಪ್ರಕಟವಾಗಿರಬೇಕು. ಇವುಗಳಲ್ಲಿ ಯಾವುದಾದರೊಂದು ಸುತ್ತಿನ ನಡುವೆ ಬದಲಾದರೆ, ಅದಾಗಲೇ ಆರಿಸಿದವರು ತಾವು ಬೇರೆ ಆಯ್ಕೆ ಮಾಡುತ್ತಿದ್ದೆವು ಎಂದು ಹೇಳಲು ನ್ಯಾಯವಾದ ಕಾರಣ ದೊರೆಯುತ್ತದೆ. ಆಗ ಸುತ್ತನ್ನು ಮೊದಲಿನಿಂದ ನಡೆಸದೆ ಬೇರೆ ದಾರಿ ಇರುವುದಿಲ್ಲ.

## ಜ್ಯೇಷ್ಠತಾ ಪಟ್ಟಿ

ಮೊದಲು ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿಯನ್ನು ಪ್ರಕಟಿಸಿ, ಆಕ್ಷೇಪಣೆಗಳಿಗೆ ಗಡುವು ನೀಡಿ, ಅವುಗಳನ್ನು ತೀರ್ಮಾನಿಸಿದ ನಂತರ ಅಂತಿಮ ಪಟ್ಟಿಯನ್ನು ಹೊರಡಿಸಲಾಗುತ್ತದೆ. ಪಟ್ಟಿಯಲ್ಲಿ ಹೆಸರಿನ ಜೊತೆಗೆ ಎಣಿಕೆಗೆ ಹಿಡಿದ ದಿನಾಂಕವನ್ನೂ ನಮೂದಿಸಬೇಕಾಗುತ್ತದೆ. ಕೇವಲ ಕ್ರಮಸಂಖ್ಯೆ ಇರುವ ಪಟ್ಟಿಯನ್ನು ಯಾರೂ ಪರಿಶೀಲಿಸಲಾರರು.

ಹೆಚ್ಚಿನ ವಿವಾದಗಳು ಮೂರು ಪ್ರಶ್ನೆಗಳಿಂದ ಹುಟ್ಟುತ್ತವೆ. ಮೊದಲನೆಯದು, ಯಾವ ಹಿರಿತನ ಎಂಬುದು. ಸಂಸ್ಥೆಗೆ ಸೇರಿದ ದಿನಾಂಕ, ಈಗಿನ ಹುದ್ದೆಗೆ ಬಂದ ದಿನಾಂಕ ಮತ್ತು ಈಗಿನ ಘಟಕಕ್ಕೆ ಬಂದ ದಿನಾಂಕ ಬೇರೆ ಬೇರೆಯಾಗಿರಬಹುದು. ಇಪ್ಪತ್ತು ವರ್ಷ ಸೇವೆ ಸಲ್ಲಿಸಿದವರು ಘಟಕ ಬದಲಿಸಿದಾಗ ಹೊಸ ಪಟ್ಟಿಯ ತಳಕ್ಕೆ ಹೋಗುವರೇ ಎಂಬುದನ್ನು ನಿಯಮವೇ ಹೇಳಬೇಕು. ಎರಡನೆಯದು, ಸೇವೆಯಲ್ಲಿ ಬಿಡುವು. ವೇತನರಹಿತ ರಜೆ, ರಾಜೀನಾಮೆ ನೀಡಿ ಮರಳಿ ಸೇರಿದ್ದು ಮುಂತಾದ ಸಂದರ್ಭಗಳಲ್ಲಿ ಎಣಿಕೆ ನಿಲ್ಲುವುದೇ ಎಂಬ ಪ್ರಶ್ನೆ ಏಳುತ್ತದೆ. ಮೂರನೆಯದು, ಸಮಾನ ದಿನಾಂಕ. ಒಂದೇ ತಂಡದಲ್ಲಿ ನೇಮಕಗೊಂಡ ಹಲವರು ಒಂದೇ ದಿನ ಸೇರಿರುತ್ತಾರೆ. ಅವರ ನಡುವಣ ಕ್ರಮವನ್ನು ನೇಮಕಾತಿ ಪಟ್ಟಿಯ ಕ್ರಮಸಂಖ್ಯೆಯಿಂದ ಇಲ್ಲವೇ ಎಲ್ಲರ ಮುಂದೆ ಎತ್ತಿದ ಚೀಟಿಯಿಂದ ನಿರ್ಧರಿಸಲಾಗುತ್ತದೆ. ಚೀಟಿ ಎತ್ತುವುದಾದರೆ ಒಮ್ಮೆ ಎತ್ತಿ ಅದನ್ನೇ ಶಾಶ್ವತವಾಗಿ ದಾಖಲಿಸುವುದು ವಾಡಿಕೆ. ಪ್ರತಿ ಸುತ್ತಿಗೂ ಎತ್ತಿದರೆ ಜ್ಯೇಷ್ಠತೆ ಎಂಬ ಮಾತಿಗೆ ಅರ್ಥ ಉಳಿಯುವುದಿಲ್ಲ.

## ಪಾಳಿ ಸಾಲುಗಳು

ಆಯ್ಕೆಗೆ ಇಡುವುದು ಬಿಡಿ ದಿನಗಳನ್ನಲ್ಲ. ಪಾಳಿಯ ಸಮಯ ಮತ್ತು ವಾರದ ರಜೆ ಎರಡೂ ಸೇರಿದ ಒಂದು ಪೂರ್ಣ ಸಾಲನ್ನು. ಎಷ್ಟು ಸಾಲುಗಳು ಬೇಕೆಂಬುದು ಲೆಕ್ಕದಿಂದ ಬರುತ್ತದೆ. ಎಲ್ಲ ಸಮಯದಲ್ಲಿಯೂ ಇಬ್ಬರು ಇರಬೇಕಾದ ಒಂದು ನಿಯಂತ್ರಣ ಕೊಠಡಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ದಿನಕ್ಕೆ 8 ಗಂಟೆಗಳ 3 ಪಾಳಿಗಳಂತೆ ವಾರಕ್ಕೆ 21 ಪಾಳಿಗಳಾಗುತ್ತವೆ. ಪ್ರತಿಯೊಂದಕ್ಕೂ ಇಬ್ಬರಂತೆ 42 ಹಾಜರಿಗಳು ಬೇಕು. ಒಬ್ಬರು ವಾರಕ್ಕೆ 5 ದಿನ ದುಡಿದರೆ 8 ಜನರಿಂದ 40 ಹಾಜರಿಗಳಷ್ಟೇ ಆಗುತ್ತವೆ. ಆದ್ದರಿಂದ 9 ಜನ ಬೇಕಾಗುತ್ತಾರೆ. ಅವರಿಂದ 45 ಹಾಜರಿಗಳು ದೊರೆತು 3 ಹೆಚ್ಚುವರಿಯಾಗಿ ಉಳಿಯುತ್ತವೆ.

ಪ್ರತಿ ಪಾಳಿಗೆ ಮೂವರಂತೆ ಸಾಲುಗಳನ್ನು ಹೀಗೆ ರಚಿಸಬಹುದು. ದಿನಕ್ಕೆ ಒಬ್ಬರಿಗಿಂತ ಹೆಚ್ಚು ಜನ ರಜೆಯಲ್ಲಿ ಇರದಂತೆ ರಜಾ ದಿನಗಳನ್ನು ಹಂಚಲಾಗಿದೆ. ಶುಕ್ರವಾರ ಮೂವರೂ ಹಾಜರಿರುತ್ತಾರೆ.

| ವಾರದ ರಜೆ | ಬೆಳಗಿನ ಪಾಳಿ (6ರಿಂದ 14) | ಸಂಜೆ ಪಾಳಿ (14ರಿಂದ 22) | ರಾತ್ರಿ ಪಾಳಿ (22ರಿಂದ 6) |
|---|---|---|---|
| ಶನಿವಾರ, ಭಾನುವಾರ | ಬೆ-1 | ಸಂ-1 | ರಾ-1 |
| ಸೋಮವಾರ, ಮಂಗಳವಾರ | ಬೆ-2 | ಸಂ-2 | ರಾ-2 |
| ಬುಧವಾರ, ಗುರುವಾರ | ಬೆ-3 | ಸಂ-3 | ರಾ-3 |

ರಾತ್ರಿ ಪಾಳಿಯ ರಜೆಯನ್ನು ಪಾಳಿ ಆರಂಭವಾಗುವ ದಿನದಿಂದ ಎಣಿಸಲಾಗುವುದೇ, ಮುಗಿಯುವ ದಿನದಿಂದಲೇ ಎಂಬುದನ್ನು ಪಟ್ಟಿಯಲ್ಲಿ ಬರೆಯದಿದ್ದರೆ ಗೊಂದಲ ಖಚಿತ. ಆರಂಭದ ದಿನದಿಂದ ಎಣಿಸಿದರೆ ರಾ-1ರವರು ಶನಿವಾರ ಬೆಳಿಗ್ಗೆ 6ಕ್ಕೆ ಮನೆಗೆ ಹೊರಟು ಸೋಮವಾರ ರಾತ್ರಿ 10ಕ್ಕೆ ಮರಳುತ್ತಾರೆ. ಭಾರತದಲ್ಲಿ 1948ರ ಕಾರ್ಖಾನೆಗಳ ಅಧಿನಿಯಮದ 57ನೆಯ ಪ್ರಕರಣವು ಮಧ್ಯರಾತ್ರಿಯನ್ನು ದಾಟುವ ಪಾಳಿಯವರಿಗೆ ಒಂದು ದಿನದ ರಜೆ ಎಂದರೆ ಪಾಳಿ ಮುಗಿದ ಕ್ಷಣದಿಂದ ಸತತ 24 ಗಂಟೆಗಳು ಎಂದು ಅರ್ಥೈಸಿತ್ತು.

## ಆಯ್ಕೆಯ ಸುತ್ತು

ಅಂತಿಮ ಜ್ಯೇಷ್ಠತಾ ಪಟ್ಟಿ ಮತ್ತು ಸಾಲುಗಳ ಪಟ್ಟಿಯನ್ನು ಒಟ್ಟಿಗೆ ಸೂಚನಾ ಫಲಕದಲ್ಲಿ ಹಾಕಿ, ಮನೆಯವರೊಂದಿಗೆ ಚರ್ಚಿಸಲು ಸಮಯ ದೊರೆಯುವಷ್ಟು ದಿನ ಬಿಡಲಾಗುತ್ತದೆ. ನಂತರ ಪ್ರತಿಯೊಬ್ಬರಿಗೂ ನಿಗದಿತ ಸಮಯವನ್ನು ಕೊಡಲಾಗುತ್ತದೆ. ಒಬ್ಬರಿಗೆ 15 ನಿಮಿಷದಂತೆ 9 ಜನರ ಸುತ್ತು 2 ಗಂಟೆ 15 ನಿಮಿಷಗಳಲ್ಲಿ ಮುಗಿಯುತ್ತದೆ. ತಮ್ಮ ಸರದಿಯ ವೇಳೆ ಕರ್ತವ್ಯದಲ್ಲಿರುವವರನ್ನು ಅಷ್ಟು ಹೊತ್ತು ಬಿಡುಗಡೆಗೊಳಿಸುವ ಏರ್ಪಾಡನ್ನೂ ಮೊದಲೇ ಮಾಡಿರಬೇಕು. ಪ್ರತಿ ಆಯ್ಕೆಯನ್ನೂ ಕೂಡಲೇ ಎಲ್ಲರಿಗೂ ಕಾಣುವ ಫಲಕದಲ್ಲಿ ಬರೆದು, ಸಮಯ ನಮೂದಿಸಿ, ಆರಿಸಿದವರ ಸಹಿ ಪಡೆಯಲಾಗುತ್ತದೆ. ಸಹಿ ಬಿದ್ದ ಆಯ್ಕೆಯನ್ನು ಹಿಂತೆಗೆದುಕೊಳ್ಳಲು ಅವಕಾಶವಿರುವುದಿಲ್ಲ. ಏಕೆಂದರೆ ಅದರ ನಂತರದ ಎಲ್ಲ ಆಯ್ಕೆಗಳೂ ಅದನ್ನೇ ಅವಲಂಬಿಸಿರುತ್ತವೆ.

ಗೈರುಹಾಜರಾಗುವವರು ಆದ್ಯತೆಯ ಕ್ರಮದಲ್ಲಿ ಸಾಲುಗಳನ್ನು ಬರೆದು ಮುಚ್ಚಿದ ಲಕೋಟೆಯಲ್ಲಿ ನೀಡುತ್ತಾರೆ. ಸರದಿ ಬಂದಾಗ ಲಕೋಟೆಯನ್ನು ತೆರೆದು, ಅದರಲ್ಲಿ ಮೊದಲು ಬರುವ ಖಾಲಿ ಸಾಲನ್ನು ಅವರಿಗೆ ಕೊಡಲಾಗುತ್ತದೆ. ಪಟ್ಟಿಯಲ್ಲಿ ಎಷ್ಟನೆಯ ಸ್ಥಾನವೋ ಕನಿಷ್ಠ ಅಷ್ಟು ಸಾಲುಗಳನ್ನು ಬರೆದರೆ ಒಂದಾದರೂ ದೊರೆಯುವುದು ಖಚಿತ. 6ನೆಯವರಿಗಿಂತ ಮೊದಲು ಹೆಚ್ಚೆಂದರೆ 5 ಸಾಲುಗಳು ಹೋಗಿರುತ್ತವೆ. ಆದ್ದರಿಂದ ಅವರು 6 ಸಾಲುಗಳನ್ನು ಬರೆದರೆ ಸಾಕು. ಪಟ್ಟಿಯನ್ನೇ ನೀಡದೆ ಗೈರಾದವರ ಸರದಿ ಏನಾಗುತ್ತದೆ ಎಂಬುದಕ್ಕೂ ನಿಯಮ ಬೇಕು. ಈಗಿನ ಪಾಳಿಗೆ ಹೋಲುವ ಖಾಲಿ ಸಾಲನ್ನು ಕೊಡುವುದು ಒಂದು ಕ್ರಮ. ಅವರು ಬರುವವರೆಗೆ ಸರದಿಯನ್ನು ದಾಟಿಸಿ, ಬಂದಾಗ ಉಳಿದಿರುವವುಗಳಿಂದ ಆರಿಸಲು ಬಿಡುವುದು ಇನ್ನೊಂದು ಕ್ರಮ. ಮೇಲ್ವಿಚಾರಕರು ತಮಗೆ ತೋಚಿದ ಸಾಲನ್ನು ಅವರಿಗೆ ಕೊಡುವುದು ಮಾತ್ರ ಇಡೀ ಸುತ್ತಿನ ಉದ್ದೇಶವನ್ನೇ ಕೆಡಿಸುತ್ತದೆ.

ಈ ಕ್ರಮವನ್ನು ಅರ್ಥಶಾಸ್ತ್ರಜ್ಞರು ಸೀರಿಯಲ್ ಡಿಕ್ಟೇಟರ್‌ಶಿಪ್ ಎಂಬ ಹೆಸರಿನಲ್ಲಿ ಅಧ್ಯಯನ ಮಾಡಿದ್ದಾರೆ. ಇದರಲ್ಲಿ ಲೆಕ್ಕಾಚಾರದ ಆಟಕ್ಕೆ ಎಡೆಯಿಲ್ಲ. ಇತರರು ಏನು ಆರಿಸುವರೆಂದು ಊಹಿಸಬೇಕಾಗಿಲ್ಲ. ತನ್ನ ಸರದಿಯಲ್ಲಿ ಉಳಿದಿರುವ ಸಾಲುಗಳ ಪೈಕಿ ತನಗೆ ಅತ್ಯಂತ ಇಷ್ಟವಾದುದನ್ನು ಪ್ರಾಮಾಣಿಕವಾಗಿ ಆರಿಸುವುದೇ ಪ್ರತಿಯೊಬ್ಬರಿಗೂ ಲಾಭದಾಯಕ.

## ಒಂದು ಸುತ್ತಿನ ಉದಾಹರಣೆ

ಮೇಲಿನ ನಿಯಂತ್ರಣ ಕೊಠಡಿಯ 9 ಜನರನ್ನು ಹಿರಿತನದ ಕ್ರಮದಲ್ಲಿ 1ರಿಂದ 9ರವರೆಗಿನ ಸಂಖ್ಯೆಗಳಿಂದ ಗುರುತಿಸಿದರೆ, ಒಂದು ಸುತ್ತು ಹೀಗೆ ನಡೆಯಬಹುದು.

1ನೆಯವರು ಬೆ-1ನ್ನು ಆರಿಸುತ್ತಾರೆ. 2ನೆಯವರಿಗೆ ಹಗಲಿನಲ್ಲಿ ಮನೆಯಲ್ಲಿರಬೇಕಾದ ಕಾರಣವಿದ್ದು, ರಾತ್ರಿ ಪಾಳಿಯ ಭತ್ಯೆಯೂ ಬೇಕಾಗಿರುವುದರಿಂದ ರಾ-1ನ್ನು ಆರಿಸುತ್ತಾರೆ. 3ನೆಯವರು ಬೆ-2ನ್ನು ಪಡೆಯುತ್ತಾರೆ. 4ನೆಯವರು ಖಾಲಿ ಇರುವ ಬೆ-3ನ್ನು ಬಿಟ್ಟು, ವಾರಾಂತ್ಯದ ರಜೆಗಾಗಿ ಸಂ-1ನ್ನು ಆರಿಸುತ್ತಾರೆ. 5ನೆಯವರು ಬೆ-3ನ್ನು ಪಡೆಯುತ್ತಾರೆ. ಹಿರಿಯರೆಲ್ಲರೂ ಬೆಳಗಿನ ಪಾಳಿಯನ್ನೇ ಬಯಸುವರೆಂಬ ಊಹೆ ಸರಿಯಲ್ಲ ಎಂಬುದನ್ನು 2 ಮತ್ತು 4ನೆಯವರ ಆಯ್ಕೆಗಳು ತೋರಿಸುತ್ತವೆ.

6ನೆಯವರು ರಜೆಯಲ್ಲಿದ್ದು, ಬೆ-1, ಬೆ-2, ಬೆ-3, ಸಂ-1, ಸಂ-3, ಸಂ-2 ಎಂಬ ಕ್ರಮದಲ್ಲಿ ಲಕೋಟೆ ನೀಡಿದ್ದಾರೆ. ಮೊದಲ ನಾಲ್ಕೂ ಹೋಗಿರುವುದರಿಂದ ಐದನೆಯ ಆದ್ಯತೆಯಾದ ಸಂ-3 ಅವರಿಗೆ ಸಲ್ಲುತ್ತದೆ. ಬೆಳಗಿನ ಮೂರು ಸಾಲುಗಳನ್ನು ಮಾತ್ರ ಬರೆದಿದ್ದರೆ ಅವರಿಗೆ ತಮ್ಮ ಆಯ್ಕೆಯ ಯಾವ ಸಾಲೂ ದೊರೆಯುತ್ತಿರಲಿಲ್ಲ. 7ನೆಯವರು ಸಂ-2ನ್ನು, 8ನೆಯವರು ರಾ-3ನ್ನು ಆರಿಸುತ್ತಾರೆ. 9ನೆಯವರಿಗೆ ಉಳಿದಿರುವುದು ರಾ-2 ಒಂದೇ.

## ಅರ್ಹತೆಯ ನಿರ್ಬಂಧ

ಈ ಫಲಿತಾಂಶದಲ್ಲಿ ಒಂದು ತೊಡಕಿದೆ. ರಾತ್ರಿ ಪಾಳಿಯಲ್ಲಿ 2, 8 ಮತ್ತು 9ನೆಯವರು ಇದ್ದಾರೆ. ಶನಿವಾರ ಮತ್ತು ಭಾನುವಾರ 2ನೆಯವರಿಗೆ ರಜೆ ಇರುವುದರಿಂದ ಆ ಎರಡು ರಾತ್ರಿ ಕೊಠಡಿಯಲ್ಲಿ ಅತ್ಯಂತ ಕಿರಿಯರಿಬ್ಬರೇ ಉಳಿಯುತ್ತಾರೆ. ಪ್ರತಿ ಪಾಳಿಯಲ್ಲಿಯೂ ಮೇಲ್ವಿಚಾರಣಾ ತರಬೇತಿ ಪಡೆದ ಒಬ್ಬರಾದರೂ ಇರಬೇಕೆಂಬ ನಿಯಮವಿದ್ದು, 1ರಿಂದ 6ರವರಿಗೆ ಮಾತ್ರ ಆ ತರಬೇತಿ ಆಗಿದ್ದರೆ ಈ ಸುತ್ತು ಆ ನಿಯಮವನ್ನು ಮುರಿಯುತ್ತದೆ. ಅನುಭವಿಗಳು ಹಗಲಿನಲ್ಲಿ, ಹೊಸಬರು ರಾತ್ರಿಯಲ್ಲಿ ಒಟ್ಟುಗೂಡುವುದು ಈ ಪದ್ಧತಿಯ ಸಹಜ ಪ್ರವೃತ್ತಿಯಾಗಿದೆ.

ಸುತ್ತು ಮುಗಿದ ಮೇಲೆ ಯಾರನ್ನಾದರೂ ಸ್ಥಳಾಂತರಿಸಿ ಇದನ್ನು ಸರಿಪಡಿಸಿದರೆ ಆಯ್ಕೆಯ ಮೇಲಿನ ನಂಬಿಕೆ ಹೋಗುತ್ತದೆ. ಆದ್ದರಿಂದ ತರಬೇತಿ ಪಡೆದವರಿಗೆ ಮೀಸಲಾದ ಸಾಲುಗಳನ್ನು ಪಟ್ಟಿಯಲ್ಲಿಯೇ ಮೊದಲು ಗುರುತಿಸಬೇಕಾಗುತ್ತದೆ. ಪ್ರತಿ ಪಾಳಿಯ 1 ಮತ್ತು 2ನೆಯ ಸಾಲುಗಳನ್ನು ತರಬೇತಿ ಪಡೆದವರಿಗೂ, 3ನೆಯ ಸಾಲನ್ನು ಉಳಿದವರಿಗೂ ಮೀಸಲಿಟ್ಟರೆ ನಿಯಮ ಪಾಲನೆಯಾಗುತ್ತದೆ. ಆದರೆ ಅದರ ಬೆಲೆಯನ್ನೂ ಗಮನಿಸಬೇಕು. ಮೊದಲ ನಾಲ್ವರ ಆಯ್ಕೆ ಹಿಂದಿನಂತೆಯೇ ಇರುತ್ತದೆ. 5ನೆಯವರಿಗೆ ಬೆ-3 ನಿಷಿದ್ಧವಾಗಿ ಅವರು ಸಂ-2ಕ್ಕೆ ಹೋಗುತ್ತಾರೆ. 6ನೆಯವರಿಗೆ ರಾ-2 ಮಾತ್ರ ಉಳಿಯುತ್ತದೆ. ಅವರ ನಂತರ ಬರುವ 7ನೆಯವರು ಬೆ-3ನ್ನು ಪಡೆಯುತ್ತಾರೆ. ಹೀಗೆ ಹೆಚ್ಚು ಸೇವೆ ಸಲ್ಲಿಸಿ ತರಬೇತಿಯನ್ನೂ ಪಡೆದವರು ರಾತ್ರಿಗೆ ಹೋಗಿ, ತರಬೇತಿ ಪಡೆಯದ ಕಿರಿಯರು ಬೆಳಗಿನ ಪಾಳಿಯನ್ನು ಪಡೆಯುತ್ತಾರೆ. ಇಂತಹ ಕಡೆ ತರಬೇತಿಗೆ ಮುಂದೆ ಬರಲು ಯಾರಿಗೂ ಮನಸ್ಸಾಗದು.

ಇದಕ್ಕೆ ಪರಿಹಾರ ಆಯ್ಕೆಯ ನಿಯಮದಲ್ಲಿಲ್ಲ, ತರಬೇತಿಯಲ್ಲಿದೆ. ಸುತ್ತಿಗೆ ಮುನ್ನ 8ನೆಯವರೊಬ್ಬರಿಗೆ ತರಬೇತಿ ನೀಡಿದ್ದರೂ ಮೊದಲಿನ ಮುಕ್ತ ಸುತ್ತಿನ ಫಲಿತಾಂಶ ಯಾವ ಬದಲಾವಣೆಯೂ ಇಲ್ಲದೆ ನಿಲ್ಲುತ್ತಿತ್ತು. ರಾ-1ರ 2ನೆಯವರಿಗೆ ಶನಿವಾರ ಮತ್ತು ಭಾನುವಾರ ರಜೆ, ರಾ-3ರ 8ನೆಯವರಿಗೆ ಬುಧವಾರ ಮತ್ತು ಗುರುವಾರ ರಜೆ ಇರುವುದರಿಂದ ವಾರದ ಏಳು ರಾತ್ರಿಗಳಲ್ಲಿಯೂ ಇಬ್ಬರಲ್ಲಿ ಒಬ್ಬರು ಹಾಜರಿರುತ್ತಾರೆ. ಮೀಸಲು ಸಾಲುಗಳು ಹೆಚ್ಚಾದಷ್ಟೂ ಜ್ಯೇಷ್ಠತೆಯ ಬೆಲೆ ಇಳಿಯುತ್ತದೆ. ತರಬೇತಿ ಪಡೆದವರು ಹೆಚ್ಚಾದಷ್ಟೂ ಮೀಸಲಿನ ಅಗತ್ಯ ಇಳಿಯುತ್ತದೆ.

## ಸುತ್ತಿನ ನಂತರ

ಹೊಸ ಸಾಲುಗಳು ಜಾರಿಗೆ ಬರುವ ವಾರವನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕಾಗುತ್ತದೆ. ಹಳೆಯ ಸಾಲಿನಲ್ಲಿ ಸೋಮವಾರ ಮತ್ತು ಮಂಗಳವಾರ ರಜೆ ಇದ್ದವರು ಬುಧವಾರದಿಂದ ಭಾನುವಾರದವರೆಗೆ ದುಡಿದಿರುತ್ತಾರೆ. ಅವರು ಮರುದಿನದಿಂದ ಶನಿವಾರ ಮತ್ತು ಭಾನುವಾರ ರಜೆ ಇರುವ ಸಾಲಿಗೆ ಬಂದರೆ ಸೋಮವಾರದಿಂದ ಶುಕ್ರವಾರದವರೆಗೂ ದುಡಿಯಬೇಕಾಗಿ, ಒಟ್ಟು 10 ದಿನ ರಜೆಯಿಲ್ಲದೆ ಕಳೆಯುತ್ತಾರೆ. ಹಾಗೆಯೇ ಭಾನುವಾರ ರಾತ್ರಿ 10ಕ್ಕೆ ಸಂಜೆ ಪಾಳಿಯನ್ನು ಮುಗಿಸಿದವರು ಸೋಮವಾರ ಬೆಳಿಗ್ಗೆ 6ಕ್ಕೆ ಹಾಜರಾಗಬೇಕಾದೀತು. ಪ್ರತಿ ಸಾಲೂ ತನ್ನಷ್ಟಕ್ಕೆ ಸರಿಯಾಗಿದ್ದರೂ ಎರಡು ಸಾಲುಗಳ ಸಂಧಿಯಲ್ಲಿ ಇಂತಹ ದೋಷಗಳು ಅಡಗಿರುತ್ತವೆ.

ಸುತ್ತುಗಳ ನಡುವೆ ಯಾರಾದರೂ ನಿವೃತ್ತರಾದರೆ ಅವರ ಸಾಲನ್ನು ಮತ್ತೆ ಹಿರಿತನದ ಕ್ರಮದಲ್ಲಿ ಕೇಳಲಾಗುತ್ತದೆ. ಉದಾಹರಣೆಯಲ್ಲಿ 3ನೆಯವರು ನಿವೃತ್ತರಾಗಿ ಬೆ-2 ಖಾಲಿಯಾಯಿತೆನ್ನೋಣ. ಅವರಿಗಿಂತ ಹಿರಿಯರೂ, 4 ಮತ್ತು 5ನೆಯವರೂ ಬೇಡವೆನ್ನುತ್ತಾರೆ; 6ನೆಯವರು ಒಪ್ಪುತ್ತಾರೆ. ಅದರಿಂದ ಸಂ-3 ಖಾಲಿಯಾಗಿ, ಅದನ್ನು 8ನೆಯವರು ಕೇಳುತ್ತಾರೆ. ಆಗ ರಾ-3 ಹೊಸದಾಗಿ ಸೇರಿದವರಿಗೆ ಹೋಗುತ್ತದೆ. ಒಂದು ನಿವೃತ್ತಿಯಿಂದ ಇಬ್ಬರು ಸ್ಥಾನ ಬದಲಿಸಿದರು. ಜೊತೆಗೆ ವಾರಾಂತ್ಯದ ರಾತ್ರಿಗಳಲ್ಲಿ ತರಬೇತಿ ಪಡೆದವರು ಮತ್ತೆ ಇಲ್ಲದಂತಾಯಿತು. ಈ ಕಾರಣದಿಂದ ಒಂದು ಖಾಲಿ ಸ್ಥಾನಕ್ಕೆ ಎಷ್ಟು ಹಂತಗಳವರೆಗೆ ಬದಲಾವಣೆ ಬಿಡಬೇಕೆಂಬ ಮಿತಿಯನ್ನು ನಿಯಮದಲ್ಲಿ ಬರೆಯುವುದುಂಟು. 9ನೆಯವರ ತರಬೇತಿ ಮುಗಿಯುವವರೆಗೆ 8ನೆಯವರ ಬದಲಾವಣೆಯನ್ನು ತಡೆಹಿಡಿಯುವುದಾದರೆ ಅದಕ್ಕೂ ಆಧಾರವಾದ ನಿಯಮ ಮೊದಲೇ ಇರಬೇಕು.

ಪರಸ್ಪರ ವಿನಿಮಯದ ಅರ್ಜಿಗಳು ಸುತ್ತಿನ ಗುಣವನ್ನು ಅಳೆಯಲು ಒಳ್ಳೆಯ ಸೂಚಕವಾಗಿವೆ. ಎಲ್ಲರೂ ಮುಕ್ತವಾಗಿ ತಮಗಿಷ್ಟವಾದುದನ್ನೇ ಆರಿಸಿದ ಸುತ್ತಿನ ಮರುದಿನ ಇಬ್ಬರಿಗೂ ಲಾಭವಾಗುವ ವಿನಿಮಯ ಸಾಧ್ಯವಿರುವುದಿಲ್ಲ. ಇಬ್ಬರಲ್ಲಿ ಹಿರಿಯರಾದವರು ಕಿರಿಯರ ಸಾಲನ್ನು ನೋಡಿ ಬೇಡವೆಂದೇ ಮುಂದೆ ಹೋಗಿರುತ್ತಾರೆ. ಆದ್ದರಿಂದ ಸುತ್ತು ಮುಗಿಯುತ್ತಿದ್ದಂತೆ ವಿನಿಮಯದ ಅರ್ಜಿಗಳು ಬಂದರೆ ಸಾಲುಗಳ ವಿವರ ಸ್ಪಷ್ಟವಾಗಿರಲಿಲ್ಲ, ಯೋಚಿಸಲು ಸಮಯ ಸಾಲಲಿಲ್ಲ, ಮೀಸಲು ನಿಯಮ ಆಯ್ಕೆಯನ್ನು ಕಟ್ಟಿಹಾಕಿತ್ತು ಅಥವಾ ಹಿರಿಯರೊಬ್ಬರು ಕಿರಿಯ ಸ್ನೇಹಿತರಿಗಾಗಿ ಒಳ್ಳೆಯ ಸಾಲನ್ನು ಹಿಡಿದಿಟ್ಟಿದ್ದರು ಎಂದು ಶಂಕಿಸಬಹುದು. ಕೊನೆಯ ಕಾರಣವು ನಡುವಿನ ಎಲ್ಲರ ಹಕ್ಕನ್ನು ದಾಟುವುದರಿಂದ, ಸುತ್ತು ಮುಗಿದ ನಿಗದಿತ ಅವಧಿಯವರೆಗೆ ಪೂರ್ಣ ಸಾಲುಗಳ ವಿನಿಮಯವನ್ನು ನಿಷೇಧಿಸಿ, ಒಂದೆರಡು ದಿನಗಳ ಬದಲಾವಣೆಗೆ ಮಾತ್ರ ಅವಕಾಶ ನೀಡಬಹುದು.

## ನ್ಯಾಯಾಲಯದ ಪ್ರಕರಣಗಳು

ಜ್ಯೇಷ್ಠತೆಯ ಹಕ್ಕು ವ್ಯಕ್ತಿಯೊಬ್ಬರ ಇತರ ಹಕ್ಕುಗಳೊಂದಿಗೆ ಘರ್ಷಿಸಿದ ಪ್ರಕರಣಗಳು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿವೆ. 1977ರ ಟ್ರಾನ್ಸ್ ವರ್ಲ್ಡ್ ಏರ್‌ಲೈನ್ಸ್ ವಿರುದ್ಧ ಹಾರ್ಡಿಸನ್ ಪ್ರಕರಣದ ಉದ್ಯೋಗಿಯು ಕ್ಯಾನ್ಸಾಸ್ ನಗರದ ವಿಮಾನ ನಿರ್ವಹಣಾ ನೆಲೆಯ ಉಗ್ರಾಣ ವಿಭಾಗದಲ್ಲಿ ಗುಮಾಸ್ತರಾಗಿದ್ದರು. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗೆ ದುಡಿಯಬಾರದೆಂಬುದು ಅವರ ಧಾರ್ಮಿಕ ನಂಬಿಕೆಯಾಗಿತ್ತು. ಮೊದಲನೆಯ ಕಟ್ಟಡದಲ್ಲಿ ರಾತ್ರಿ 11ರ ಪಾಳಿಯಲ್ಲಿದ್ದಾಗ ಅದನ್ನು ಪಾಲಿಸಲು ಸಾಕಷ್ಟು ಹಿರಿತನ ಅವರಿಗಿತ್ತು. ನಂತರ ಅವರು ತಾವೇ ಕೇಳಿಕೊಂಡು ಎರಡನೆಯ ಕಟ್ಟಡದ ಹಗಲು ಪಾಳಿಗೆ ಹೋದರು. ಎರಡೂ ಕಟ್ಟಡಗಳ ಜ್ಯೇಷ್ಠತಾ ಪಟ್ಟಿಗಳು ಪ್ರತ್ಯೇಕವಾಗಿದ್ದುದರಿಂದ ಹೊಸ ಪಟ್ಟಿಯಲ್ಲಿ ಕೊನೆಯಿಂದ ಎರಡನೆಯವರಾದರು. ಸಹೋದ್ಯೋಗಿಯೊಬ್ಬರು ರಜೆಗೆ ಹೋದಾಗ ಶನಿವಾರದ ಕೆಲಸ ಅವರ ಪಾಲಿಗೆ ಬಂತು. ಅವರು ಹಾಜರಾಗದೆ ಕೆಲಸ ಕಳೆದುಕೊಂಡರು. ಒಬ್ಬರ ಧಾರ್ಮಿಕ ಆಚರಣೆಗಾಗಿ ಇತರರ ಜ್ಯೇಷ್ಠತಾ ಹಕ್ಕನ್ನು ಮುರಿಯಬೇಕಾಗಿಲ್ಲ ಎಂದು ನ್ಯಾಯಾಲಯ ತೀರ್ಪು ನೀಡಿತು. 2023ರ ಗ್ರಾಫ್ ವಿರುದ್ಧ ಡಿಜಾಯ್ ಪ್ರಕರಣದಲ್ಲಿ ಅದೇ ನ್ಯಾಯಾಲಯವು ಧಾರ್ಮಿಕ ರಿಯಾಯಿತಿಯನ್ನು ನಿರಾಕರಿಸಲು ಉದ್ಯೋಗದಾತರು ತೋರಿಸಬೇಕಾದ ತೊಂದರೆಯ ಮಟ್ಟವನ್ನು ಏರಿಸಿತಾದರೂ 1977ರ ತೀರ್ಪನ್ನು ರದ್ದುಪಡಿಸಲಿಲ್ಲ.

2002ರ ಯುಎಸ್ ಏರ್‌ವೇಸ್ ವಿರುದ್ಧ ಬಾರ್ನೆಟ್ ಪ್ರಕರಣವು ಅಂಗವೈಕಲ್ಯಕ್ಕೆ ಸಂಬಂಧಿಸಿದ್ದು. ಸರಕು ಎತ್ತುವಾಗ ಬೆನ್ನಿಗೆ ಪೆಟ್ಟಾಗಿ ಅಂಚೆ ಕೊಠಡಿಗೆ ಹೋಗಿದ್ದ ಉದ್ಯೋಗಿಯ ಸ್ಥಾನವು ಜ್ಯೇಷ್ಠತೆಯ ಆಯ್ಕೆಗೆ ತೆರೆದುಕೊಂಡಾಗ, ಅವರಿಗಿಂತ ಹಿರಿಯರು ಅದನ್ನು ಬಯಸಿದರು. ಸಾಮಾನ್ಯವಾಗಿ ಜ್ಯೇಷ್ಠತೆಯ ನಿಯಮವೇ ಮೇಲು, ಆದರೆ ವಿಶೇಷ ಸಂದರ್ಭವನ್ನು ತೋರಿಸಲು ಉದ್ಯೋಗಿಗೆ ಅವಕಾಶವಿದೆ ಎಂದು ನ್ಯಾಯಾಲಯ ಹೇಳಿತು. ಸಂಸ್ಥೆಯು ಆಗಾಗ ತನ್ನ ನಿಯಮಕ್ಕೆ ತಾನೇ ವಿನಾಯಿತಿ ನೀಡುತ್ತಿದ್ದರೆ, ಇನ್ನೊಂದು ವಿನಾಯಿತಿಯಿಂದ ಹೆಚ್ಚಿನ ವ್ಯತ್ಯಾಸವಾಗದು ಎಂಬುದು ಅಂತಹ ಸಂದರ್ಭಗಳಲ್ಲಿ ಒಂದು.

## ಮಿತಿಗಳು

ನಿಯಮಗಳನ್ನು ಎಷ್ಟೇ ಸ್ಪಷ್ಟವಾಗಿ ಪಾಲಿಸಿದರೂ ಈ ಪದ್ಧತಿಯು ಎಲ್ಲರಿಗೂ ಸಮಾನ ಫಲವನ್ನು ಕೊಡುವುದಿಲ್ಲ. ಹೊಸ ನೇಮಕಾತಿ ನಡೆಯದ ಕಡೆ ಪಟ್ಟಿಯ ತಳದಲ್ಲಿರುವವರು ಮೇಲೇರುವುದೇ ಇಲ್ಲ. ಉದಾಹರಣೆಯ 9ನೆಯವರು ಪ್ರತಿ ಸುತ್ತಿನಲ್ಲಿಯೂ ಉಳಿದುದನ್ನೇ ಪಡೆಯುತ್ತಾ ಹೋಗುತ್ತಾರೆ. ಅವರಿಗೆ ಆಯ್ಕೆ ಎಂಬುದು ಹೆಸರಿಗೆ ಮಾತ್ರ. ಇದನ್ನು ತಗ್ಗಿಸಲು ವಾರಾಂತ್ಯದ ರಜೆಯನ್ನು ಸಾಲುಗಳಿಂದ ಹೊರತೆಗೆದು ಎಲ್ಲರ ನಡುವೆ ಸರದಿಯಂತೆ ಹಂಚುವುದು, ಪಾಳಿಯ ಸಮಯವನ್ನು ಮಾತ್ರ ಜ್ಯೇಷ್ಠತೆಗೆ ಬಿಡುವುದು ಮುಂತಾದ ಮಿಶ್ರ ಕ್ರಮಗಳಿವೆ. ಇವುಗಳಿಂದ ಹಿರಿಯರು ವರ್ಷಗಳಿಂದ ಕಾದು ಪಡೆದುದರಲ್ಲಿ ಒಂದು ಭಾಗ ಕಡಿಮೆಯಾಗುತ್ತದೆ. ಆದ್ದರಿಂದ ಇಂತಹ ಬದಲಾವಣೆಯನ್ನು ಮುಂದಿನ ಒಪ್ಪಂದದ ಮಾತುಕತೆಯಲ್ಲಿ ತೀರ್ಮಾನಿಸಲಾಗುತ್ತದೆಯೇ ಹೊರತು ಆರಂಭವಾದ ಸುತ್ತಿನ ನಡುವೆ ಅಲ್ಲ.